ಮೊಲದ ನಗುಮುಖ

ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ನಿವೃತ್ತ ಪಶುವೈದ್ಯನಿದ್ದರೆ, ಅವನ ಪಾಡು ಮದುವೆಮನೆಯಲ್ಲಿ ಸಿಕ್ಕಿಬಿದ್ದ ಜ್ಯೋತಿಷಿಯ ಪಾಡೇ. ಅವನ ಮುಂದೆ ಕೈ ಚಾಚುತ್ತಾರೆ, ನನ್ನ ಮುಂದೆ ಫೋಟೋ ಚಾಚುತ್ತಾರೆ. ಮೊನ್ನೆ ಮೈಸೂರಿನಿಂದ ತಮ್ಮನ ಮಗಳು ತನ್ನ ಮೊಲ ಚಿನ್ನುವಿನ ಫೋಟೋ ಹಾಕಿದಳು. ನಾನು ಕನ್ನಡಕ ಹುಡುಕುವಷ್ಟರಲ್ಲಿ ಹಿರಿಯರ ತೀರ್ಪುಗಳು ಬಂದೇಬಿಟ್ಟಿದ್ದವು. ‘ಎಷ್ಟು ಮುದ್ದಾಗಿ ನಗ್ತಿದೆ!’ ಎಂದರು ಸೋದರತ್ತೆ. ‘ನಗೋದೆಲ್ಲಿ ಬಂತು, ಕಣ್ಣಲ್ಲಿ ನೀರು ನೋಡಿ, ಒಂಟಿತನಕ್ಕೆ ಅಳ್ತಿದೆ’ ಎಂದರು ಚಿಕ್ಕಪ್ಪ. ‘ಮೊದಲು ಸ್ನಾನ ಮಾಡ್ಸಿ, ಮೈಯೆಲ್ಲ ಗಂಟು’ ಎಂದಿದ್ದು ಅತ್ತಿಗೆ.

ಮೂವರೂ ನೋಡಬೇಕಾದ್ದನ್ನೇ ನೋಡಿದ್ದರು. ಅರ್ಥ ಹೇಳಿದ್ದು ಮಾತ್ರ ತಪ್ಪು.

ಮೊಲ ನಗುವುದಿಲ್ಲ. ಬಾಯಿ ಮುಚ್ಚಿ ಕೂತ ಆರೋಗ್ಯವಂತ ಮೊಲದ ಹಲ್ಲು ಸಾಮಾನ್ಯವಾಗಿ ಹೊರಗೆ ಕಾಣುವುದೂ ಇಲ್ಲ. ಚಿನ್ನುವಿನ ಕೆಳಗಿನ ಬಾಚಿಹಲ್ಲುಗಳು ತುಟಿ ದಾಟಿ ಮೂಗಿನ ಕಡೆಗೆ ಎದ್ದಿದ್ದವು. ಮೊಲದ ಹಲ್ಲು ಬದುಕಿರುವವರೆಗೂ ಬೆಳೆಯುತ್ತದೆ, ಬಾಚಿಹಲ್ಲಾದರೆ ವಾರಕ್ಕೆ ಸುಮಾರು 2 ಮಿಲಿಮೀಟರ್. ಮೇಲಿನದೂ ಕೆಳಗಿನದೂ ಒಂದನ್ನೊಂದು ತೇಯ್ದರಷ್ಟೇ ಅಳತೆಯಲ್ಲಿರುತ್ತವೆ. ಒಮ್ಮೆ ಕೂಡುವುದು ತಪ್ಪಿತೆಂದರೆ ಕೆಳಗಿನದು ಹೊರಕ್ಕೆ ಚಾಚುತ್ತದೆ, ಮೇಲಿನದು ಬಾಯೊಳಕ್ಕೆ ಸುರುಳಿ ಸುತ್ತುತ್ತದೆ.

ಇನ್ನು ಅಳು. ಕಣ್ಣೀರು ಇಳಿದು ಹೋಗಲು ಮೊಲಕ್ಕೆ ಒಂದೊಂದು ಕಣ್ಣಿನ ಕೆಳರೆಪ್ಪೆಯಲ್ಲೂ ಒಂದೇ ತೂತು. ಅಲ್ಲಿಂದ ಹೊರಟ ಸಣ್ಣ ನಾಳ ಮೂಗಿಗೆ ಇಳಿಯುವ ದಾರಿಯಲ್ಲಿ ಮೇಲಿನ ಬಾಚಿಹಲ್ಲಿನ ಬೇರಿನ ಪಕ್ಕದಲ್ಲೇ ತಿರುಗುತ್ತದೆ. ಹಲ್ಲು ಮುಂದಕ್ಕೆ ಬೆಳೆದಂತೆ ಬೇರೂ ಹಿಂದಕ್ಕೆ ಒತ್ತುತ್ತದೆ. ನಾಳ ಅಮುಕಿತು, ನೀರು ಕೆನ್ನೆಗೆ ಹರಿಯಿತು. ತಿಳಿನೀರಾದರೆ ನಾಳ ಕಟ್ಟಿರಬಹುದು, ಹಾಲಿನ ಬಣ್ಣದ ಗಟ್ಟಿ ದ್ರವವಾದರೆ ಒಳಗೆ ಕೀವಾಗಿದೆಯೆಂಬ ಅನುಮಾನ. ಚಿನ್ನುವಿನದು ಎರಡನೆಯದು, ಬಲಗಣ್ಣಿನಲ್ಲಿ ಮಾತ್ರ. ಎರಡೂ ಕಣ್ಣು ಸುರಿದು, ಜೊತೆಗೆ ಸೀನೂ ಇದ್ದಿದ್ದರೆ ನನ್ನ ಅನುಮಾನ ಮೊದಲು ಮೂಗಿನ ಸೋಂಕಿನ ಕಡೆಗೆ ಹೋಗುತ್ತಿತ್ತು.

‘ಪುಟ್ಟಿ, ಮುಂಗಾಲಿನ ಒಳಮಗ್ಗುಲಿನದೊಂದು, ಗದ್ದದ್ದೊಂದು, ಬಾಲದ ಕೆಳಗಿನದೊಂದು ಫೋಟೋ ಕಳಿಸು’ ಎಂದೆ.

‘ಬಾಲದ ಕೆಳಗಿಂದು ಗ್ರೂಪ್‌ಗೆ ಹಾಕ್ಲಾ ದೊಡ್ಡಪ್ಪ?’

ಹಾಕಿದಳು. ಸೋದರತ್ತೆ ಆಮೇಲೆ ಆ ದಿನವೆಲ್ಲ ಮೌನ. ಮುಂಗಾಲಿನ ಒಳಗಡೆ ಕೂದಲು ಅಂಟಂಟಾಗಿ ಜಡೆಗಟ್ಟಿತ್ತು, ಕಣ್ಣನ್ನೂ ಮೂಗನ್ನೂ ಒರೆಸಿಕೊಳ್ಳುವುದು ಅದರಲ್ಲೇ. ಗದ್ದ ಒದ್ದೆ, ಅಂದರೆ ಜೊಲ್ಲು, ಅಂದರೆ ಒಳಗಿನ ದವಡೆಹಲ್ಲಿನ ಮೇಲೂ ಗುಮಾನಿ. ಬಾಲದ ಕೆಳಗೆ ಮೆತ್ತನೆಯ ಹಿಕ್ಕೆ ಮೆತ್ತಿಕೊಂಡಿತ್ತು. ಮೊಲ ತನ್ನ ಹಿಕ್ಕೆಯಲ್ಲಿ ಒಂದು ಬಗೆಯದನ್ನು ಅಲ್ಲಿಂದಲೇ ಬಾಯಿಗೆ ತೆಗೆದುಕೊಂಡು ತಿನ್ನುತ್ತದೆ, ಅದರಲ್ಲಿ ಅದಕ್ಕೆ ಪೋಷಕಾಂಶವಿದೆ. ಬಾಯಿ ನೋಯುವ ಮೊಲ ಬಗ್ಗುವುದನ್ನೂ ಮೈ ನೆಕ್ಕುವುದನ್ನೂ ಬಿಡುತ್ತದೆ. ಆಗ ಗಂಟು, ಗಂಟಿಗೆ ನೊಣ, ನೊಣದಿಂದ ಹುಳ. ಅತ್ತಿಗೆ ಹೇಳಿದ ಸ್ನಾನ ಮಾಡಿಸಿದ್ದರೆ ಹಲ್ಲುನೋವಿನ ಮೇಲೆ ಚಳಿ, ಗಾಬರಿ ಎರಡೂ ಸೇರುತ್ತಿದ್ದವು.

ಇಷ್ಟು ಓದಿದ ಮೇಲೂ ಫೋಟೋ ಅರ್ಧ ಜಾತಕವೂ ಅಲ್ಲ. ಮೊಲಕ್ಕೆ 28 ಹಲ್ಲು. ಅದರಲ್ಲಿ 22 ದವಡೆಯೊಳಗೆ ಅಡಗಿ ಕೂತಿರುತ್ತವೆ, ಬೇರು ಎಕ್ಸ್‌ರೇಗೇ ಕಾಣಬೇಕು. ಅಷ್ಟರಲ್ಲಿ ತಮ್ಮನ ಹೆಂಡತಿಯ ಪ್ರಶ್ನೆ: ‘ಭಾವ, ನೇಲ್ ಕಟರ್‌ನಲ್ಲಿ ಕತ್ತರಿಸಿಬಿಡಲಾ?’ ಬೇಡವೇ ಬೇಡ. ಹಲ್ಲು ಉದ್ದಕ್ಕೆ ಸೀಳಿ ಬೇರಿನವರೆಗೂ ಬಿರುಕು ಬಿಡುತ್ತದೆ, ಆಮೇಲೆ ಕೀವು. ‘ಅರ್ಧ ದಿನ ಏನೂ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ ನನಗೆ ಫೋಟೋ ಕಳಿಸ್ತಾ ಕೂರಬೇಡಿ, ಓಡಿ’ ಎಂದೂ ಸೇರಿಸಿದೆ. ಮೊಲದ ಕರುಳು ನಿಂತರೆ ಮತ್ತೆ ನಡೆಸುವುದು ಕಷ್ಟ.

ಚಿನ್ನು ಇನ್ನೂ ಅಷ್ಟಿಷ್ಟು ತಿನ್ನುತ್ತಿತ್ತು. ಮಾರನೆಯ ದಿನವೇ ಅಲ್ಲಿನ ವೈದ್ಯರು ಅರಿವಳಿಕೆ ಕೊಟ್ಟು, ಸಣ್ಣ ತಿರುಗುಯಂತ್ರದಿಂದ ಹಲ್ಲು ತಗ್ಗಿಸಿ, ಕಣ್ಣಿನ ನಾಳವನ್ನು ಲವಣಜಲದಿಂದ ತೊಳೆದರು. ಎಕ್ಸ್‌ರೇಯಲ್ಲಿ ಬೇರು ಉದ್ದವಾಗಿರುವುದು ಕಂಡಿತು. ಇನ್ನು ನಾಲ್ಕಾರು ವಾರಕ್ಕೊಮ್ಮೆ ಹಲ್ಲು ತಗ್ಗಿಸುತ್ತಿರಬೇಕು, ಇಲ್ಲವೇ ಬಾಚಿಹಲ್ಲುಗಳನ್ನೇ ಕೀಳಬೇಕು. ಕಿತ್ತರೂ ಹೆಚ್ಚಿ ಕೊಟ್ಟದ್ದನ್ನು ಮೊಲ ತುಟಿಯಲ್ಲೇ ಎತ್ತಿಕೊಂಡು ತಿನ್ನುತ್ತದೆ.

‘ಏನು ತಿನ್ನಿಸ್ತಿದ್ರಿ?’ ಎಂದು ಗುಂಪಿನಲ್ಲಿ ಕೇಳಿದೆ. ‘ಕ್ಯಾರೆಟ್, ಮತ್ತೆ ಅಪ್ಪನ ಬಿಸ್ಕತ್ತು’ ಎಂದಳು ಪುಟ್ಟಿ. ತಮ್ಮ ಏನೋ ಟೈಪ್ ಮಾಡುತ್ತಿರುವುದು ಬಹಳ ಹೊತ್ತು ಕಾಣಿಸಿತು, ಬರಹವೇನೂ ಬರಲಿಲ್ಲ. ದವಡೆಹಲ್ಲು ಸವೆಯುವುದು ನಾರುಳ್ಳ ಹುಲ್ಲನ್ನು ದಿನವಿಡೀ ಅರೆದಾಗ. ಬಿಸ್ಕತ್ತು ಎರಡೇ ಅಗಿತಕ್ಕೆ ಮುಗಿದುಹೋಗುತ್ತದೆ. ಈಗ ಒಣಹುಲ್ಲಿನ ಜೊತೆ ಗರಿಕೆ ಗೊತ್ತಾಗಿದೆ. ನಾಯಿ ಓಡಾಡದ, ಔಷಧಿ ಹೊಡೆಯದ ಜಾಗದಿಂದ ಕಿತ್ತು ತರುವ ಕೆಲಸ ತಮ್ಮನದು. ಚೌತಿಯ ವಾರ ಅವನು ಬುಟ್ಟಿ ತುಂಬ ಗರಿಕೆ ತರುತ್ತಿದ್ದುದನ್ನು ಕಂಡ ಪಕ್ಕದ ಮನೆಯವರು, ನಾಸ್ತಿಕನಿಗೂ ಈ ವರ್ಷ ಭಕ್ತಿ ಬಂತೆಂದು ಪ್ರಸಾದ ಕಳಿಸಿದರಂತೆ.