ಬೆಲೆ ಕೇಳಿದರೆ ಡಿಎಂ ಮಾಡಿ

ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ಮೊಳ ಎಷ್ಟಮ್ಮ ಅಂದರೆ ಹೂವಿನವಳು ಊರಿಗೆಲ್ಲ ಕೇಳುವ ಹಾಗೆ ಹೇಳುತ್ತಾಳೆ. ‘ಕಿವಿ ತನ್ನಿ, ಗುಟ್ಟಾಗಿ ಹೇಳ್ತೀನಿ’ ಅನ್ನುವುದಿಲ್ಲ. ಇನ್‌ಸ್ಟಾಗ್ರಾಂನ ಸೀರೆ ಅಂಗಡಿಯವರದು ಬೇರೆಯೇ ಗತ್ತು. ಬೆಲೆ ಕೇಳಿದಿರೋ, ‘ಡಿಎಂ ಮಾಡಿ ಡಿಯರ್’! ಮಾಡಿದರೆ ನಮ್ಮ ಮೆಸೇಜು ರಿಕ್ವೆಸ್ಟ್ಸ್ ಅನ್ನುವ ಮೂಲೆಯಲ್ಲಿ ಬಿದ್ದಿರುತ್ತದೆ. ಅಲ್ಲಿ ಇಣುಕುವ ಅಭ್ಯಾಸ ಅವರಿಗಿಲ್ಲ. ಅಷ್ಟರಲ್ಲಿ ನಮ್ಮ ಸೀರೆಯ ಆಸೆಯೂ ತೀರಿರುತ್ತದೆ.

ನಮ್ಮ ಸರಸ್ವತಿಪುರಂನ ಪುಡಿ ಅತ್ತೆಗೆ ಈ ಗತ್ತು ಬರಲಿಲ್ಲ. ಹುಳಿಪುಡಿ ಎಷ್ಟು ಅಂತ ಒಬ್ಬರು ಕಾಮೆಂಟಿನಲ್ಲಿ ಕೇಳಿದರೆ ಅಲ್ಲೇ ಬೆಲೆ ಬರೆಯುತ್ತಾರೆ. ಬಾಯಿ ಬಿಡದೆ ಓದುವವರು ಇನ್ನೂ ಹತ್ತು ಜನ ಇರುತ್ತಾರಲ್ಲ! ವಿಳಾಸ, ದುಡ್ಡಿನ ಮಾತು ಮಾತ್ರ ವಾಟ್ಸಾಪಿಗೆ. ‘ಮನೇಲಿ ಎಷ್ಟು ಜನ, ದಿನಾ ಹುಳಿ ಮಾಡ್ತೀರಾ?’ ಅಂತ ಅಲ್ಲಿ ವಿಚಾರಣೆ. ನಾಲ್ಕು ಜನರ ಮನೆ, ದಿನಕ್ಕೆ ಹತ್ತು ಗ್ರಾಂ ಪುಡಿ ಅಂದರೆ ಕಾಲು ಕಿಲೋ ಇಪ್ಪತ್ತೈದು ದಿನಕ್ಕೆ ಮುಗಿಯಬೇಕು. ಇಪ್ಪತ್ತೆರಡನೆಯ ದಿನ ಅತ್ತೆಯ ಮೆಸೇಜು: ‘ಡಬ್ಬಿ ತಳ ಕಾಣ್ತಾ ಇದೆಯಾ?’ ಪತ್ತೇದಾರಿಕೆ ಅನ್ನಿ ಬೇಕಾದರೆ. ಇನ್ನೂ ಇದೆ ಅಂದವರನ್ನು ಮತ್ತೆ ಕೇಳದೆ ತಾರೀಖು ಮುಂದಕ್ಕೆ ಹಾಕಿಕೊಳ್ಳುತ್ತಾರೆ.

ಒಮ್ಮೆ ಯಾರೋ ‘ತುಂಬಾ ಖಾರ, ಮಕ್ಕಳು ತಿನ್ನಲಿಲ್ಲ’ ಅಂತ ಎಲ್ಲರೆದುರಿಗೇ ಬರೆದರು. ಸೊಸೆ ಅಳಿಸಲು ಹೊರಟಳು, ಅತ್ತೆ ಬಿಡಲಿಲ್ಲ. ‘ಈ ಸಲ ಗುಂಟೂರು ಮೆಣಸಿನಕಾಯಿ ಜಾಸ್ತಿ ಆಯ್ತು, ನಿಮಗೆ ಬರೀ ಬ್ಯಾಡಗಿ ಹಾಕಿ ಕಳಿಸ್ತೀನಿ’ ಅಂತ ಅಲ್ಲೇ ಉತ್ತರ. ಬ್ಯಾಡಗಿಯಲ್ಲಿ ಬಣ್ಣ ಹೆಚ್ಚು, ಖಾರ ಕಮ್ಮಿ. ವಾಟ್ಸಾಪಿನಲ್ಲಿ ಆ ಗಿರಾಕಿಯ ಹೆಸರಿನ ಮುಂದೆ ‘ಖಾರ ಕಮ್ಮಿ’ ಅನ್ನುವ ಲೇಬಲ್ಲೂ ಬಿತ್ತು. ಆ ಜಗಳ ಓದಿಯೇ ‘ನಮಗೂ ಮಕ್ಕಳ ಪುಡಿ ಇರಲಿ’ ಅಂತ ಬಂದವರಿದ್ದಾರೆ.

ಸೊಸೆಗೆ ಮಾತ್ರ ಒಂದೇ ಏಟಿಗೆ ಎಲ್ಲರಿಗೂ ಮೆಸೇಜು ಕಳಿಸುವ ಆತುರ. ವಾಟ್ಸಾಪಿನ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನು ತುಂಬಬಹುದು, ನಿಜ. ಆದರೆ ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗಷ್ಟೇ ಅದು ಮುಟ್ಟುವುದು. ಅತ್ತೆ ಅದಕ್ಕೇ ಮೊದಲ ಪೊಟ್ಟಣದ ಜೊತೆ ಚೀಟಿ ಇಡುತ್ತಾರೆ: ‘ನಂಬರು ಸೇವ್ ಮಾಡ್ಕೊಳಿ, ಉಪ್ಪಿನಕಾಯಿ ಹಾಕಿದಾಗ ಹೇಳ್ತೀನಿ.’ ದಿನಾ ಗುಡ್ ಮಾರ್ನಿಂಗ್ ಕಳಿಸಿದರೆ ಜನ ಬ್ಲಾಕ್ ಮಾಡುತ್ತಾರೆ ಅನ್ನುವುದೂ ಅವರಿಗೆ ಗೊತ್ತು.

ದಸರೆಯ ಗಲಾಟೆಯಲ್ಲಿ ಸೊಸೆ ತಾನೇ ತಾನಾಗಿ ಹೋಗುವ ಉತ್ತರ ಇಟ್ಟಳು. ಹಳೆಯ ಗಿರಾಕಿಯೊಬ್ಬರು ‘ನಮ್ಮತ್ತೆ ಹೋಗಿಬಿಟ್ರು, ಈ ತಿಂಗಳು ಪುಡಿ ಬೇಡ’ ಅಂತ ಬರೆದರೆ ಫೋನು ಉತ್ತರಿಸಿತು: ‘ನಿಮ್ಮ ಸಂದೇಶದಿಂದ ಬಹಳ ಸಂತೋಷವಾಯಿತು!’ ಅತ್ತೆ ಆ ಮನೆಗೆ ಫೋನು ಹಚ್ಚಿ ಅರ್ಧ ಗಂಟೆ ಮಾತಾಡಿದರು. ಆಮೇಲೆ ಆ ಉತ್ತರ ಬದಲಾಯಿತು: ‘ಕೈ ಬಿಡುವಿಲ್ಲ. ಸಂಜೆ ನಾಲ್ಕಕ್ಕೆ ನೋಡ್ತೀನಿ.’