ಟೆಸ್ಲಾ ಹತ್ರ ಸೇರಿ

ನ್ಯೂಜೆರ್ಸಿಯಿಂದ ನಯಾಗರಾಕ್ಕೆ ಬಸ್ಸಿನಲ್ಲಿ ಸುಮಾರು ಏಳು ಗಂಟೆಯ ದಾರಿ. ಬಸ್ಸಿನ ತುಂಬ ಊರಿಂದ ಬಂದ ಅಪ್ಪ-ಅಮ್ಮಂದಿರು. ಮೈಕು ನನ್ನ ಕೈಯಲ್ಲಿ.

ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮಪ್ಪ ಮುಂದಿನ ಸೀಟಿಗೆ ಟವೆಲ್ ಹಾಕಿಯಾಗಿತ್ತು. "ಮಂಡಿನೋವಿನವರು ಮುಂದೆ, ಪದೇ ಪದೇ ಬಾತ್‌ರೂಮಿಗೆ ಹೋಗೋರು ಹಿಂದೆ" ಎಂದೆ. ಬಸ್ಸಿನ ಬಾತ್‌ರೂಮು ಇರುವುದು ಹಿಂದೆ. "ಎರಡೂ ಇದ್ದೋರು?" ಎಂದರು ಒಬ್ಬರು. ಅರ್ಧ ಬಸ್ಸು ಕೈಯೆತ್ತಿತು.

ಕೊನೆಗೆ ಎಲ್ಲರಿಗೂ ಸೀಟ್ ನಂಬರ್ ಬರೆದುಕೊಟ್ಟು, "ವಾಪಸ್ ಮನೆ ಸೇರೋವರೆಗೂ ಇದೇ ಸೀಟು. ಬಸ್ಸು ಹೊರಡೋ ಮುಂಚೆ ಪಕ್ಕದೋರು ಬಂದ್ರಾ ನೋಡಿ, ಬಂದಿಲ್ಲದಿದ್ರೆ ಕೂಗಿ" ಎಂದೆ. ತಲೆ ಎಣಿಸುವುದಕ್ಕಿಂತ ಇದು ವಾಸಿ. ಆದರೆ ಗಂಡ-ಹೆಂಡತಿಯನ್ನು ಅಕ್ಕಪಕ್ಕ ಕೂರಿಸಿದರೆ, ಇಬ್ಬರೂ ಒಟ್ಟಿಗೆ ಕಾಣೆಯಾದಾಗ ಕೂಗೋರು ಯಾರು?

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಗೋಟ್ ದ್ವೀಪದಲ್ಲಿ ಇಳಿದೆವು. ನಮ್ಮನ್ನು ಇಳಿಸಿ ಬಸ್ಸು ಬೇರೆಲ್ಲೋ ಹೋಗಿ ನಿಲ್ಲುವುದರಿಂದ "ಬಸ್ಸಿನ ಹತ್ರ ಬನ್ನಿ" ಅನ್ನುವ ಹಾಗಿಲ್ಲ. ಅಲ್ಲಿ ನಿಕೋಲಾ ಟೆಸ್ಲಾನ ಕಂಚಿನ ಪ್ರತಿಮೆಯಿದೆ. ಮಡಿಲಲ್ಲಿ ಕಾಗದ ಹರಡಿಕೊಂಡು ಕೂತಿದ್ದಾನೆ, ಮಕ್ಕಳು ಹತ್ತಿ ಫೋಟೋ ತೆಗೆಸಿಕೊಳ್ಳುತ್ತಾರೆ. "ಒಂದೂವರೆ ಗಂಟೆ ಟೈಮಿದೆ, ಟೆಸ್ಲಾ ಹತ್ರ ಸೇರಿ" ಎಂದೆ. ಪ್ರತಿಮೆ ಎಂಬ ಪದ ನನ್ನ ಬಾಯಿಂದ ಬರಲಿಲ್ಲ.

ನನ್ನ ಲೆಕ್ಕದಲ್ಲಿ ಹನ್ನೆರಡೂವರೆಗೆ ಸೇರಬೇಕು. ಅರ್ಧ ಜನ ಬಂದರು. ಮಿಕ್ಕವರ ಕಿವಿಗೆ ಬಿದ್ದಿದ್ದು "ಒಂದೂವರೆಗೆ". ಅವರು ಆರಾಮಾಗಿ ಚಕ್ಕುಲಿ ಮುಗಿಸಿಕೊಂಡು ಬಂದರು. ಬಸ್ಸು ಹತ್ತಿದೆವು. ಯಾರೂ ಕೂಗಲಿಲ್ಲ, ಹೊರಟೂಬಿಟ್ಟೆವು. ಮುಂದಿನ ಸೀಟಿನಲ್ಲಿ ಟವೆಲ್ ಮಾತ್ರ ಇದೆ ಅಂತ ಹೊಳೆದಿದ್ದು ತಿರುವಿನಲ್ಲಿ.

ವಾಪಸ್ ಹೋಗಿ ಹುಡುಕಿದರೆ ಅಪ್ಪ-ಅಮ್ಮ ಇಬ್ಬರೂ ಪಾರ್ಕಿಂಗ್ ಜಾಗದಲ್ಲಿ ಒಂದು ಬಿಳಿ ಕಾರಿನ ಪಕ್ಕ ನಿಂತಿದ್ದರು. ಅಪ್ಪನಿಗೆ ಕೆಂಡದಂಥ ಕೋಪ.

"ಮೂರು ಟೆಸ್ಲಾ ಇದ್ವಲ್ಲೋ ಇಲ್ಲಿ! ಯಾವ ಬಣ್ಣದ್ದು ಅಂತ ಹೇಳಬಾರದಾ? ಎರಡು ಆಗಲೇ ಹೊರಟುಹೋದ್ವು."

ಮುಂದಿನ ನಿಲ್ದಾಣದಲ್ಲಿ ನಾನು ಮೊದಲು ಎಲ್ಲರನ್ನೂ ಇಳಿಸಿ, ಸೇರಬೇಕಾದ ಜಾಗಕ್ಕೇ ಕರೆದೊಯ್ದು ನಿಲ್ಲಿಸಿದೆ. ಆಮೇಲೆ ಬಿಡಿಸಿ ಹೇಳಿದೆ: "ಇದೇ ಬಾಗಿಲು. ಇದೇ ಬೆಂಚು. ಎಲ್ಲರೂ ವಾಚ್ ನೋಡಿಕೊಳ್ಳಿ. ಈಗ ಮಧ್ಯಾಹ್ನ ಮೂರು. ನಾಲ್ಕಕ್ಕೆ ಇಲ್ಲಿರಬೇಕು. ಎಷ್ಟಕ್ಕೆ?"

"ನಾಲ್ಕಕ್ಕೆ" ಎಂದರು ಎಲ್ಲರೂ, ಶಾಲೆ ಮಕ್ಕಳ ಹಾಗೆ.

ಅಮ್ಮ ಮಾತ್ರ ವಾಚನ್ನು ಕಿವಿಗಿಟ್ಟು ಅಲ್ಲಾಡಿಸುತ್ತಿದ್ದಳು. "ನನ್ನದರಲ್ಲಿ ಹನ್ನೆರಡೂವರೆ ಕಣೋ."

ಮೈಸೂರಿನ ಅಕ್ಕನಿಗೆ ಹೊತ್ತಲ್ಲದ ಹೊತ್ತಲ್ಲಿ ಫೋನ್ ಹೋಗಬಾರದೆಂದು ಅಮ್ಮ ವಾಚನ್ನು ಊರಿನ ಟೈಮಿಗೇ ಇಟ್ಟುಕೊಂಡಿದ್ದಾಳೆ. ಬೇಸಿಗೆಯಲ್ಲಿ ಅದು ಇಲ್ಲಿಗಿಂತ ಒಂಬತ್ತೂವರೆ ಗಂಟೆ ಮುಂದೆ. ಬೆರಳಲ್ಲಿ ಲೆಕ್ಕ ಹಾಕಿ ಹೇಳಿದೆ: "ಹಾಗಾದ್ರೆ ನೀನು ಒಂದೂವರೆಗೆ ಬಾಮ್ಮ."

"ಬೆಳಿಗ್ಗೆನೂ ಅದನ್ನೇ ಅಲ್ವೇನೋ ಹೇಳಿದ್ದು?" ಎಂದಳು.