ಅಂಗಡಿಯೊಂದನ್ನು ಬಿಟ್ಟು ಎಲ್ಲವೂ ಇದೆ

ಇನ್‌ಸ್ಟಾಗ್ರಾಮ್ ಬಯೋದಲ್ಲಿ ಬರೆಯಲು ಸಿಗುವುದು 150 ಅಕ್ಷರ. ಇಳಕಲ್ ಸೀರೆ ಮಾರುವ ನಮ್ಮ ಪರಿಚಯದ ಅಕ್ಕ ಅಷ್ಟನ್ನೂ ಆತ್ಮಚರಿತ್ರೆಗೆ ಮೀಸಲಿಟ್ಟಿದ್ದರು: ‘ಕನಸುಗಾರ್ತಿ. ಇಬ್ಬರು ರಾಜಕುಮಾರರ ತಾಯಿ. ಕಾಫಿ ಪ್ರಿಯೆ. ರಾಯರಿದ್ದಾರೆ. ಬೆಲೆಗೆ ಡಿಎಂ ಮಾಡಿ.’ ಯಾವುದರ ಬೆಲೆ ಎಂಬುದನ್ನು ರಾಯರೇ ಹೇಳಬೇಕು.

ಹೆಸರಿನ ಜಾಗದಲ್ಲಿ ಸುರುಳಿ ಸುರುಳಿಯಾದ ಅಲಂಕಾರದ ಇಂಗ್ಲಿಷ್ ಅಕ್ಷರಗಳು. ನೋಡಲು ಮದುವೆ ಕರೆಯೋಲೆಯಂತಿದ್ದರೂ ಫೋನಿನ ಲೆಕ್ಕದಲ್ಲಿ ಅವು ಮಾಮೂಲಿ ಅಕ್ಷರಗಳಲ್ಲ, ಗಣಿತದ ಚಿಹ್ನೆಗಳು. ಯಾರಾದರೂ Ilkal Saree ಎಂದು ಹುಡುಕಿದರೆ ಇನ್‌ಸ್ಟಾಗ್ರಾಮ್ ಮೊದಲು ನೋಡುವುದು ಬಳಕೆದಾರರ ಹೆಸರು ಮತ್ತು ಈ ಹೆಸರಿನ ಜಾಗವನ್ನೇ. ಅಲ್ಲಿ ಸೀರೆಯೂ ಇಲ್ಲ, ಇಳಕಲ್ಲೂ ಇಲ್ಲ. ಹುಡುಕುವವರು ಪಕ್ಕದ ಅಂಗಡಿಗೆ ಹೋದರು. ಅಕ್ಕ ಮಾತ್ರ ‘ಆಲ್ಗಾರಿದಂ ನಮ್ಮವರನ್ನು ತುಳಿಯುತ್ತಿದೆ’ ಎಂದು ಸ್ಟೋರಿ ಹಾಕಿದರು.

ಕೊನೆಗೆ ಹೆಸರನ್ನು ‘Ilkal Saree | ಇಳಕಲ್ ಸೀರೆ’ ಎಂದು ಬದಲಿಸಲು ಒಪ್ಪಿದರು. ಹದಿನಾಲ್ಕು ದಿನಕ್ಕೆ ಎರಡೇ ಸಲ ಹೆಸರು ಬದಲಿಸಲು ಬಿಡುತ್ತಾರಾದ್ದರಿಂದ ಸಂಖ್ಯಾಶಾಸ್ತ್ರದವರನ್ನು ಕೇಳಿ ಮತ್ತೆ ಮತ್ತೆ ತಿದ್ದುವ ಅವಕಾಶವೂ ತಪ್ಪಿತು. ಬಯೋ ಹೀಗಾಯಿತು:

‘ಕೈಮಗ್ಗದ ಇಳಕಲ್ ಸೀರೆ, ನೇಕಾರರಿಂದ ನೇರ. ₹2,500ರಿಂದ. ದೇಶದೆಲ್ಲೆಡೆ ಕೊರಿಯರ್. ಇವತ್ತಿನ ಸೀರೆ, ಬೆಲೆ ಸಹಿತ, ಕೆಳಗಿನ ಲಿಂಕಿನಲ್ಲಿ.’

ಏನು, ಎಷ್ಟು, ಎಲ್ಲಿಗೆ, ಮುಂದೇನು: ಬಂದವರಿಗೆ ಬೇಕಿರುವುದು ಇಷ್ಟೇ. ಬೆಲೆ ಬರೆದರೆ ಜನ ಓಡಿಹೋಗುತ್ತಾರೆಂದು ಅಕ್ಕನಿಗೆ ಭಯ. ನಿಜ, ಓಡುತ್ತಾರೆ. ಎಂಟುನೂರು ರೂಪಾಯಿಯ ಸೀರೆಗೆ ಬಂದವರು ಅರ್ಧ ಗಂಟೆ ಚಾಟ್ ಮಾಡಿ ಓಡುವ ಬದಲು ಮೊದಲೇ ಓಡುತ್ತಾರೆ.

ಇನ್ನು ಲಿಂಕ್ ಪುಟ. ಅದರಲ್ಲಿ ಹದಿನಾಲ್ಕು ಬಟನ್‌ಗಳಿದ್ದವು: ಯೂಟ್ಯೂಬ್, ಫೇಸ್‌ಬುಕ್, ಮಗನ ಗೇಮಿಂಗ್ ಚಾನೆಲ್, ಮುಗಿದುಹೋದ ದೀಪಾವಳಿ ಆಫರ್. ಸೀರೆ ಕೊಳ್ಳುವ ಬಟನ್ ಹನ್ನೊಂದನೆಯದು, ಅದೂ ತೆರೆಯುತ್ತಿರಲಿಲ್ಲ. ವಾಟ್ಸ್ಯಾಪ್ ಲಿಂಕಿನಲ್ಲಿ ನಂಬರಿನ ಮೊದಲು ಸೊನ್ನೆ ಸೇರಿತ್ತು. ಅಲ್ಲಿ ಪ್ಲಸ್, ಸೊನ್ನೆ, ಖಾಲಿ ಜಾಗ ಯಾವುದೂ ಇರಬಾರದು. 91, ಅದರ ಬೆನ್ನಿಗೇ ಹತ್ತು ಅಂಕಿ:

```
https://wa.me/91XXXXXXXXXX?text=Ilkal%20saree%20bele
```

`text=` ನಂತರದ್ದು ಗ್ರಾಹಕರ ವಾಟ್ಸ್ಯಾಪ್‌ನಲ್ಲಿ ಮೊದಲೇ ಟೈಪಾಗಿರುತ್ತದೆ. ಅವರು ಕಳುಹಿಸುವ ಗುಂಡಿ ಒತ್ತಿದರೆ ಸಾಕು. ಈಗ ಪುಟದಲ್ಲಿ ಮೂರೇ ಬಟನ್: ಇವತ್ತಿನ ಸೀರೆಗಳು, ವಾಟ್ಸ್ಯಾಪ್ ಆರ್ಡರ್, ಕೊರಿಯರ್ ಮತ್ತು ವಾಪಸಾತಿ ನಿಯಮ. 2023ರಿಂದ ಇನ್‌ಸ್ಟಾಗ್ರಾಮ್ ಬಯೋದಲ್ಲೇ ಐದು ಲಿಂಕ್ ಹಾಕಲು ಬಿಟ್ಟಿದೆಯಲ್ಲ, ಬೇರೆ ಪುಟ ಯಾಕೆ ಎಂದರೆ ಕಾರಣವಿದೆ. ಅಲ್ಲಿ ಕಣ್ಣಿಗೆ ಬೀಳುವುದು ಮೊದಲ ಲಿಂಕ್ ಮಾತ್ರ, ಉಳಿದವು ‘ಇನ್ನೂ ಇಷ್ಟಿವೆ’ ಎಂಬುದರ ಹಿಂದೆ ಮರೆಯಾಗುತ್ತವೆ. ಕೆಲಸಕ್ಕೆ ಒಂದೇ ಲಿಂಕ್ ಸಾಕಾಗುವವರಿಗೆ ಆ ಪುಟವೂ ಬೇಡ.

ಗ್ರಿಡ್‌ನ ತಲೆಯಲ್ಲಿ ಮೂರು ಪೋಸ್ಟ್ ಪಿನ್ ಮಾಡಬಹುದು. ಅಕ್ಕನ ಮೂರು ಪಿನ್‌ಗಳು: ಕಾಶಿ ಯಾತ್ರೆ, ನೆಚ್ಚಿನ ನಟನ ಹುಟ್ಟುಹಬ್ಬ, ‘1000 ಫಾಲೋವರ್ಸ್, ಧನ್ಯವಾದಗಳು’. ಮೂರಕ್ಕೂ ಭರ್ತಿ ಲೈಕು ಬಿದ್ದಿತ್ತು, ಕೊಟ್ಟವರೆಲ್ಲ ನೆಂಟರು. ಲೈಕಿನ ಲೆಕ್ಕ ನೋಡಿ ಪಿನ್ ಮಾಡಿದರೆ ಹೀಗಾಗುತ್ತದೆ. ಹೊಸಬರ ಮನಸ್ಸಿನಲ್ಲಿರುವ ಅನುಮಾನ ನೋಡಿ ಪಿನ್ ಮಾಡಬೇಕು. ಆರ್ಡರ್ ಮಾಡುವುದು ಹೇಗೆ, ಎಷ್ಟು ದಿನಕ್ಕೆ ಬರುತ್ತದೆ ಎಂಬುದಕ್ಕೆ ಒಂದು. ಕೊಂಡವರು ಉಟ್ಟು, ಒಪ್ಪಿ ಕಳಿಸಿದ ಫೋಟೊಗಳಿಗೆ ಒಂದು. ಮೂರನೆಯದು ಕೈಮಗ್ಗವೋ ಪವರ್‌ಲೂಮೋ ಎಂಬ ಅನುಮಾನಕ್ಕೆ: ಸೀರೆಯ ಒಡಲಿನ ಹಾಸನ್ನು ಸೆರಗಿನ ಹಾಸಿನೊಂದಿಗೆ ಕೊಂಡಿ ಹಾಕಿ ಜೋಡಿಸುವ ಇಳಕಲ್ಲಿನ ವಿಧಾನವನ್ನು ಹತ್ತಿರದಿಂದ ತೋರಿಸುವ ವಿಡಿಯೊ. ಕೊಳ್ಳದವರೂ ಇದನ್ನು ನೋಡಿ ಫಾಲೋ ಮಾಡುತ್ತಾರೆ.

ಇಷ್ಟಾದ ಮೇಲೆ ಕೆಲಸ ಆಯಿತೋ ಇಲ್ಲವೋ ತಿಳಿಯಲು ಜ್ಯೋತಿಷ್ಯ ಬೇಡ. ಪ್ರೊಫೆಷನಲ್ ಖಾತೆಯ ಇನ್‌ಸೈಟ್ಸ್‌ನಲ್ಲಿ ಪ್ರೊಫೈಲಿಗೆ ಬಂದವರ ಸಂಖ್ಯೆ, ಲಿಂಕ್ ಒತ್ತಿದವರ ಸಂಖ್ಯೆ ಎರಡೂ ಇರುತ್ತವೆ. ನಾನೂರು ಸಲ ನೋಡಿ ನಾಲ್ಕೇ ಸಲ ಒತ್ತಿದ್ದರೆ ಬಯೋ ಸರಿಯಿಲ್ಲ. ನಲವತ್ತು ಸಲ ಒತ್ತಿಯೂ ಒಂದು ಮೆಸೇಜ್ ಬರದಿದ್ದರೆ ಲಿಂಕ್ ಪುಟ ಸರಿಯಿಲ್ಲ. ಮೆಸೇಜ್ ಬಂದೂ ಸೀರೆ ಹೋಗದಿದ್ದರೆ ತಪ್ಪು ಪ್ರೊಫೈಲಿನದಲ್ಲ, ಅದರಾಚೆಗಿನದು.

ಅಕ್ಕನ ವಿಷಯದಲ್ಲಿ ಆದದ್ದು ಈ ಮೂರನೆಯದು. ಇಪ್ಪತ್ತಾರು ಜನ ವಾಟ್ಸ್ಯಾಪ್‌ನಲ್ಲಿ ಬೆಲೆ, ಬಣ್ಣ ಕೇಳಿದ್ದರು. ನೀಲಿ ಟಿಕ್ ಬಿದ್ದಿತ್ತು, ಉತ್ತರ ಹೋಗಿರಲಿಲ್ಲ. ಅಕ್ಕ ಆ ವಾರವಿಡೀ ‘ಗ್ರಾಹಕರನ್ನು ಸೆಳೆಯುವುದು ಹೇಗೆ?’ ಎಂಬ ಆನ್‌ಲೈನ್ ಕಾರ್ಯಾಗಾರದಲ್ಲಿದ್ದರು.